ಬೈನರಿ ಸರ್ಚ್ ಅರವತ್ತು ವರ್ಷ ಎಡವಿದ್ದು ಎಲ್ಲಿ?

1946ರಲ್ಲಿ ಅಮೆರಿಕದ ಮೂರ್ ಸ್ಕೂಲಿನ ಉಪನ್ಯಾಸವೊಂದರಲ್ಲಿ ಜಾನ್ ಮಾಕ್ಲಿ ಬೈನರಿ ಸರ್ಚ್ ಬಗ್ಗೆ ಹೇಳಿದರು. ಜೋಡಿಸಿಟ್ಟ ಪಟ್ಟಿಯ ನಡುವೆ ನೋಡಿ, ಬೇಡದ ಅರ್ಧವನ್ನು ಬಿಟ್ಟುಬಿಡುವುದು. ಇಷ್ಟೇ. ಆದರೆ ಎಷ್ಟೇ ಉದ್ದದ ಪಟ್ಟಿಗೂ ಸರಿಯಾಗಿ ನಡೆಯುವ ರೂಪ ಅಚ್ಚಾಗಲು ಸುಮಾರು ಹದಿನೈದು ವರ್ಷ ಹಿಡಿಯಿತು. 1988ರಲ್ಲಿ ರಿಚರ್ಡ್ ಪ್ಯಾಟಿಸ್ 20 ಪಠ್ಯಪುಸ್ತಕ ತೆಗೆದು ನೋಡಿದಾಗ ಸರಿಯಾಗಿದ್ದದ್ದು ಐದರಲ್ಲಿ ಮಾತ್ರ.

2006ರಲ್ಲಿ ಇನ್ನೊಂದು ಹೊರಬಿತ್ತು. ಜಾವಾದ ಲೈಬ್ರರಿಯಲ್ಲಿ ತಾವೇ ಬರೆದ ಬೈನರಿ ಸರ್ಚ್‌ನಲ್ಲಿ ಸುಮಾರು ಒಂಬತ್ತು ವರ್ಷದಿಂದ ತಪ್ಪಿತ್ತು ಎಂದು ಜೋಶುವಾ ಬ್ಲಾಕ್ ಬರೆದರು. ನಡುವಿನ ಜಾಗ ಹುಡುಕಲು `(low + high) / 2` ಎಂದಿತ್ತು. ಪಟ್ಟಿಯ ಉದ್ದ ಸುಮಾರು 107 ಕೋಟಿ ದಾಟಿದರೆ ಆ ಮೊತ್ತ ಜಾವಾದ `int` ಹಿಡಿಯಬಲ್ಲ ಗರಿಷ್ಠ ಸಂಖ್ಯೆ 2147483647ನ್ನು ಮೀರಿ, ಋಣ ಸಂಖ್ಯೆಯಾಗಿಬಿಡಬಹುದು. `low + (high - low) / 2` ಎಂದು ಬರೆದರೆ ಆ ಕಾಟವಿಲ್ಲ.

ಈ ತಪ್ಪಿಗೆ ಹೆಸರು ಬಂತು, ಆದರೆ ದಿನನಿತ್ಯ ನಮ್ಮನ್ನು ಸತಾಯಿಸುವುದು ಬೇರೆಯದು. `<` ಹಾಕಬೇಕೋ `<=` ಹಾಕಬೇಕೋ? `mid` ಇರಲೋ, `mid + 1` ಆಗಲೋ? ಹೆಚ್ಚಿನವರು ಸುಮ್ನೆ ಒಂದನ್ನು ಹಾಕಿ, ಓಡಿಸಿ, ತಪ್ಪಾದರೆ ಇನ್ನೊಂದನ್ನು ಹಾಕುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ.

ನನ್ನ ಮಟ್ಟಿಗೆ ಗೊಂದಲ ಹರಿದದ್ದು ಪಟ್ಟಿಯನ್ನೇ ಮರೆತಾಗ. ಬೈನರಿ ಸರ್ಚ್‌ಗೆ ಅರೇ ಬೇಕಿಲ್ಲ. ಸಾಲಾಗಿ ಕೇಳುತ್ತಾ ಹೋದರೆ ಉತ್ತರ "ಇಲ್ಲ, ಇಲ್ಲ, ಇಲ್ಲ" ಎಂದು ಬಂದು, ಒಂದು ಕಡೆ "ಹೌದು" ಆಗಿ, ಆಮೇಲೆ ಹೌದಾಗಿಯೇ ಉಳಿಯುವ ಪ್ರಶ್ನೆ ಬೇಕು. ನಾವು ಹುಡುಕುವುದು ಆ ಗಡಿಯನ್ನು.

ಒಂದು ಲೆಕ್ಕ ನೋಡೋಣ. ತೋಟದ ದಾರಿಯಲ್ಲಿ ಏಳು ರಾಶಿಗಳಿವೆ: 4, 9, 3, 7, 6, 5, 8 ಕ್ವಿಂಟಲ್. ಇದೇ ಕ್ರಮದಲ್ಲಿ ತುಂಬಬೇಕು, ರಾಶಿಯನ್ನು ಒಡೆಯುವಂತಿಲ್ಲ, ಮೂರೇ ಟ್ರಿಪ್. ಗಾಡಿ ಕನಿಷ್ಠ ಎಷ್ಟು ಹೊರಬೇಕು? ನೇರವಾಗಿ ಕಂಡುಹಿಡಿಯುವುದು ಕಷ್ಟ. ಆದರೆ "16 ಸಾಕಾ?" ಎಂದು ಯಾರಾದರೂ ಕೇಳಿದರೆ ತುಂಬುತ್ತಾ ಹೋಗಿ ಹೇಳಬಹುದು: 4+9+3, ಆಮೇಲೆ 7+6, ಕೊನೆಗೆ 5+8. ಮೂರು ಟ್ರಿಪ್, ಸಾಕು. ಗಾಡಿ ದೊಡ್ಡದಾದರೆ ಟ್ರಿಪ್ ಜಾಸ್ತಿ ಆಗುವುದಿಲ್ಲ, ಅಲ್ವಾ? ಹಾಗಾಗಿ ಒಮ್ಮೆ ಸಾಕಾದರೆ ಮುಂದೆಲ್ಲ ಸಾಕು. ಉತ್ತರವನ್ನೇ ಊಹಿಸಿ ಹುಡುಕುವುದು ಎಂದರೆ ಇದು.

ಇನ್ನು ಗಡಿಗೆ ಎರಡು ಗೂಟ ನೆಡೋಣ. `lo` ಯಾವಾಗಲೂ "ಇಲ್ಲ" ಇರುವ ಕಡೆ, `hi` ಯಾವಾಗಲೂ "ಹೌದು" ಇರುವ ಕಡೆ. 8ರ ಗಾಡಿಗೆ 9ರ ರಾಶಿಯೇ ಹಿಡಿಯದು, ಹಾಗಾಗಿ `lo` 8. ಒಟ್ಟು ತೂಕ 42, ಅಷ್ಟಿದ್ದರೆ ಒಂದೇ ಟ್ರಿಪ್. ಅದು `hi`. ಕೆಳಗಿನ `saaku(mid)` ಎಂದರೆ ಮೇಲಿನಂತೆಯೇ ತುಂಬುತ್ತಾ ಹೋಗಿ, `mid` ಹೊರುವ ಗಾಡಿಗೆ ಮೂರು ಟ್ರಿಪ್ ಸಾಕೇ ಎಂದು ಹೇಳುವ, ನಾವೇ ಬರೆದುಕೊಳ್ಳಬೇಕಾದ ಫಂಕ್ಷನ್.

```python
lo, hi = 8, 42
while hi - lo > 1:
    mid = lo + (hi - lo) // 2
    if saaku(mid):
        hi = mid
    else:
        lo = mid
print(hi)
```

ಮೊದಲು 25 ಕೇಳುತ್ತೇವೆ, ಸಾಕು. 16, ಅದೂ ಸಾಕು. 12 ಸಾಲದು, ಐದು ಟ್ರಿಪ್ ಬೇಕು. 14 ಮತ್ತು 15ಕ್ಕೆ ನಾಲ್ಕು ಟ್ರಿಪ್, ಸಾಲದು. ಈಗ `lo` 15, `hi` 16. ಗೂಟಗಳು ಪಕ್ಕಪಕ್ಕ ಬಂದವು, ಉತ್ತರ 16.

ಇಲ್ಲಿ `+1`, `-1` ಎಲ್ಲೂ ಇಲ್ಲ ನೋಡಿ. `hi` ಮತ್ತು `lo` ನಡುವೆ ಕನಿಷ್ಠ ಒಂದು ಸಂಖ್ಯೆ ಇದ್ದಾಗ ಮಾತ್ರ ಲೂಪ್ ಓಡುತ್ತದೆ. ಆದ್ದರಿಂದ `mid` ಎರಡು ಗೂಟಗಳ ಮೇಲೂ ಬೀಳುವುದಿಲ್ಲ, ಪ್ರತಿ ಸುತ್ತಿನಲ್ಲೂ ಅಂತರ ಕುಗ್ಗಲೇಬೇಕು. ಇದನ್ನೇ `while lo < hi` ಎಂದು ಬದಲಿಸಿ, ಉಳಿದದ್ದನ್ನು ಹಾಗೇ ಬಿಟ್ಟರೆ? 15, 16ರಲ್ಲಿ `mid` ಮತ್ತೆ 15. `lo` ಮತ್ತೆ 15. ಪ್ರೋಗ್ರಾಂ ಅಲ್ಲೇ ಗಿರಕಿ ಹೊಡೆಯುತ್ತದೆ. ನಿಮ್ಮ ಹುಡುಕಾಟ ಕೊನೆಗೆ ಎರಡೇ ಸಂಖ್ಯೆ ಉಳಿದಾಗ ನೇತಾಡಿದರೆ, ಕಾರಣ ಬಹುತೇಕ ಇದೇ.

ಗೂಟದ ಜಾಗವನ್ನು ಪರೀಕ್ಷಿಸುವುದೇ ಇಲ್ಲವಾದ್ದರಿಂದ ಅದು ನಿಜವಾಗಿ ಇರಬೇಕೆಂದೂ ಇಲ್ಲ. `n` ಉದ್ದದ ಅರೇಯಲ್ಲಿ ಹುಡುಕುವಾಗ `lo` -1, `hi` `n` ಆಗಬಹುದು. ಖಾಲಿ ಅರೇ ಬಂದರೂ ಲೂಪ್ ಒಳಗೇ ಹೋಗುವುದಿಲ್ಲ. ಕೊನೆಗೆ `hi` `n` ಆಗಿಯೇ ಉಳಿದರೆ "ಹೌದು" ಎಲ್ಲೂ ಸಿಗಲಿಲ್ಲ ಎಂದರ್ಥ.

ಇದೇ ಉಪಾಯ 2005ರಲ್ಲಿ `git bisect` ಆಗಿ ಬಂತು. ಅಲ್ಲಿ ಸಾಲಾಗಿ ನಿಂತಿರುವುದು ಸಂಖ್ಯೆಗಳಲ್ಲ, ಕೋಡ್‌ಗೆ ಆದ ಬದಲಾವಣೆಗಳು. ಒಂದು ಹಳೆಯದನ್ನು `good`, ಒಂದು ಹೊಸದನ್ನು `bad` ಎಂದು ಗುರುತಿಸಿದರೆ, ಸಾವಿರ ಬದಲಾವಣೆಗಳ ನಡುವೆ ಕೆಟ್ಟದ್ದು ಯಾವಾಗ ಎಂದು ಹತ್ತು ಪರೀಕ್ಷೆಯಲ್ಲಿ ಹೇಳುತ್ತದೆ. ಅದೇ ಎರಡು ಗೂಟ. ಆದರೆ ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುವ ಪರೀಕ್ಷೆ ಕೈಗೆ ಸಿಕ್ಕಿದರೆ, ಒಂದೇ ಸುಳ್ಳು "ಹೌದು" ಸಾಕು, ನಿಜವಾದ ಗಡಿ ಇರುವ ಅರ್ಧವೇ ಹೊರಗೆ ಹೋಗುತ್ತದೆ. ಗಿಟ್ ಆಗಲೂ ಅಷ್ಟೇ ಧೈರ್ಯವಾಗಿ ಒಂದು ಬದಲಾವಣೆಯನ್ನು ತೋರಿಸುತ್ತದೆ. ಅದಕ್ಕೇ ಅದು ತೋರಿಸಿದ್ದನ್ನೂ, ಅದರ ಹಿಂದಿನದನ್ನೂ ಕೈಯಾರೆ ಎರಡೆರಡು ಸಲ ಓಡಿಸಿ ನೋಡಿದ ಮೇಲೆಯೇ ನಾನು ಬರೆದವರ ಹತ್ತಿರ ಹೋಗುವುದು.