ಹೆಪ್ಪುಗಟ್ಟುವಿಕೆಯ ಸರಣಿ: ಎಪಿಟಿಟಿ ಒಂದೇ ಹೆಚ್ಚಾದರೆ ಏನರ್ಥ?

ಹಾಲಿಗೆ ಹೆಪ್ಪು ಹಾಕುತ್ತೇವೆ, ಗಾಯದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ ಎನ್ನುತ್ತೇವೆ. ಎರಡು ಕಡೆಯೂ ದ್ರವವಾಗಿದ್ದದ್ದು ಗಟ್ಟಿಯಾಗುತ್ತದೆ ಎಂಬುದಷ್ಟೇ ಹೋಲಿಕೆಯಲ್ಲ. ಒಂದು ಚಮಚ ಮಜ್ಜಿಗೆ ಇಡೀ ಪಾತ್ರೆಯ ಹಾಲನ್ನು ಮೊಸರಾಗಿಸುವಂತೆ, ರಕ್ತದಲ್ಲಿಯೂ ಅತ್ಯಲ್ಪ ಪ್ರಮಾಣದ ಆರಂಭವೊಂದು ಹಂತ ಹಂತವಾಗಿ ಬೆಳೆದು ಕೊನೆಗೆ ಫೈಬ್ರಿನ್ ಎಂಬ ನಾರಿನ ಬಲೆಯನ್ನು ಕಟ್ಟುತ್ತದೆ. ಈ ಹಂತಗಳ ಸಾಲಿಗೆ ಹೆಪ್ಪುಗಟ್ಟುವಿಕೆಯ ಸರಣಿ ಎಂದು ಹೆಸರು. 1964ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫಾರ್ಲೇನ್ ಹಾಗೂ ಅಮೆರಿಕದ ಡೇವಿ ಮತ್ತು ರ್ಯಾಟ್ನಾಫ್ ಬೇರೆ ಬೇರೆಯಾಗಿಯೇ ಈ ಚಿತ್ರವನ್ನು ಮುಂದಿಟ್ಟರು, ಮತ್ತು ಇಬ್ಬರ ಕಡೆಯಿಂದಲೂ ಬಂದದ್ದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರಿನ ಹೋಲಿಕೆಯೇ. ಕೋಲಾರದ ಕಡೆಯವರಿಗೆ ಇದು ಹೊಸದಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಮುಂದಿನದಕ್ಕೆ. ಆದರೆ ಕೆರೆಗಳ ಸಾಲಿನಲ್ಲಿ ನೀರು ಇಳಿಯುತ್ತಾ ಕಡಿಮೆಯಾಗುತ್ತದೆ, ರಕ್ತದ ಸರಣಿಯಲ್ಲಿ ಪ್ರತಿ ಹಂತದಲ್ಲೂ ಹಲವು ಪಟ್ಟು ಹೆಚ್ಚುತ್ತದೆ. ಆ ಮಟ್ಟಿಗೆ ಕೆರೆಗಿಂತ ಹೆಪ್ಪಿನ ಹೋಲಿಕೆಯೇ ಸರಿ.

ಸರಣಿಯಲ್ಲಿ ಪಾಲ್ಗೊಳ್ಳುವ ಪ್ರೋಟೀನುಗಳಿಗೆ ಫ್ಯಾಕ್ಟರ್ ಎಂದು ಹೆಸರಿಟ್ಟು ಸಂಖ್ಯೆ ಕೊಟ್ಟಿದ್ದಾರೆ. ಸಂಖ್ಯೆ ಕೊಟ್ಟದ್ದು ಕೆಲಸದ ಕ್ರಮದಲ್ಲಲ್ಲವಾದ್ದರಿಂದ ಅದನ್ನು ಬಾಯಿಪಾಠ ಮಾಡುವುದಕ್ಕಿಂತ ದಾರಿಯನ್ನು ನೆನಪಿಡುವುದು ಸುಲಭ. ಪ್ರಯೋಗಾಲಯದ ದೃಷ್ಟಿಯಿಂದ ಎರಡು ದಾರಿಗಳಿವೆ. ಗಾಯಗೊಂಡ ಅಂಗಾಂಶದಿಂದ ಹೊರಬರುವ ಟಿಶ್ಯೂ ಫ್ಯಾಕ್ಟರ್ ಎಂಬುದು ಫ್ಯಾಕ್ಟರ್ 7ರ ಜೊತೆ ಸೇರಿ ನೇರವಾಗಿ ಫ್ಯಾಕ್ಟರ್ 10ನ್ನು ಎಚ್ಚರಿಸುವುದು ಚಿಕ್ಕ ದಾರಿ. ಫ್ಯಾಕ್ಟರ್ 12ರಿಂದ 11ಕ್ಕೆ, ಅಲ್ಲಿಂದ 9ಕ್ಕೆ, 9 ತನ್ನ ಸಹಾಯಕನಾದ 8ರೊಡನೆ ಸೇರಿ 10ಕ್ಕೆ ಬರುವುದು ದೊಡ್ಡ ದಾರಿ. 10ರ ನಂತರ ಎರಡೂ ಒಂದೇ: ಫ್ಯಾಕ್ಟರ್ 5ರ ನೆರವಿನಿಂದ ಪ್ರೋಥ್ರಾಂಬಿನ್ ಥ್ರಾಂಬಿನ್ ಆಗುತ್ತದೆ, ಥ್ರಾಂಬಿನ್ ಫೈಬ್ರಿನೋಜೆನ್ನನ್ನು ಫೈಬ್ರಿನ್ ಆಗಿ ಬದಲಿಸುತ್ತದೆ.

ಪಿಟಿ ಎಂಬ ಪರೀಕ್ಷೆಯಲ್ಲಿ ಪ್ಲಾಸ್ಮಾಕ್ಕೆ ಟಿಶ್ಯೂ ಫ್ಯಾಕ್ಟರ್ ಮತ್ತು ಕ್ಯಾಲ್ಸಿಯಂ ಬೆರೆಸಿ, ಗಂಟು ಕಟ್ಟಲು ಎಷ್ಟು ಸೆಕೆಂಡು ಬೇಕೆಂದು ಅಳೆಯುತ್ತಾರೆ. ಚಿಕ್ಕ ದಾರಿಯ ಈ ಪರೀಕ್ಷೆಗೆ ಸಾಮಾನ್ಯವಾಗಿ 11ರಿಂದ 14 ಸೆಕೆಂಡು ಸಾಕು. ಎಪಿಟಿಟಿ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಟಿಶ್ಯೂ ಫ್ಯಾಕ್ಟರ್ ಇಲ್ಲದೆ, ಸಿಲಿಕಾದಂತಹ ವಸ್ತುವಿನಿಂದ ಫ್ಯಾಕ್ಟರ್ 12ನ್ನು ಕೆಣಕಿ ದೊಡ್ಡ ದಾರಿಯನ್ನು ಓಡಿಸುತ್ತಾರೆ; ಅದಕ್ಕೆ ಸುಮಾರು 25ರಿಂದ 35 ಸೆಕೆಂಡು. ಹೀಗಾಗಿ ಯಾವುದು ಹೆಚ್ಚಾಗಿದೆ ಎಂಬುದನ್ನು ನೋಡಿದರೆ ತಡೆ ಎಲ್ಲಿದೆಯೆಂದು ಊಹಿಸಬಹುದು. ಪಿಟಿ ಮಾತ್ರ ಹೆಚ್ಚಿದ್ದರೆ ಫ್ಯಾಕ್ಟರ್ 7ರ ಕಡೆ, ಎರಡೂ ಹೆಚ್ಚಿದ್ದರೆ ಎರಡು ದಾರಿಗಳು ಕೂಡಿದ ನಂತರದ ಭಾಗದ ಕಡೆ, ಅಥವಾ ಹಲವು ಫ್ಯಾಕ್ಟರುಗಳನ್ನು ಒಟ್ಟಿಗೇ ಕುಗ್ಗಿಸುವ ಯಕೃತ್ತಿನ ಕಾಯಿಲೆಯ ಕಡೆ ಗಮನ ಹರಿಯುತ್ತದೆ. ಎಪಿಟಿಟಿ ಒಂದೇ ಹೆಚ್ಚಾಗಿರುವ ಸಂದರ್ಭ ಇವೆಲ್ಲಕ್ಕಿಂತ ಸ್ವಾರಸ್ಯಕರವಾದದ್ದು.

ಉದಾಹರಣೆಗೆ, ಶ್ರೀನಿವಾಸಪುರದ ಬಳಿಯ ಹಳ್ಳಿಯೊಂದರ ಎಂಟು ವರ್ಷದ ಹುಡುಗನೊಬ್ಬ ಮಾವಿನ ತೋಪಿನಲ್ಲಿ ಆಡುತ್ತಾ ಬಿದ್ದನೆಂದುಕೊಳ್ಳೋಣ. ಆಗ ಏನೂ ಕಾಣಲಿಲ್ಲ. ಮಾರನೆಯ ಬೆಳಗ್ಗೆ ಮೊಣಕಾಲು ಊದಿ, ಬಿಸಿಯಾಗಿ, ಮಡಿಸಲಾಗದಂತಾಯಿತು. ಚರ್ಮದ ಮೇಲೆ ಸಾಸಿವೆ ಕಾಳಿನಂತಹ ಕೆಂಪು ಚುಕ್ಕೆಗಳಿಲ್ಲ, ಮೂಗಿನಿಂದ ರಕ್ತ ಬಂದಿಲ್ಲ. ತಾಯಿಯನ್ನು ಕೇಳಿದರೆ, "ನಮ್ಮಣ್ಣನಿಗೂ ಹಲ್ಲು ಕೀಳಿಸಿದಾಗ ಎರಡು ದಿನ ರಕ್ತ ನಿಂತಿರಲಿಲ್ಲ ಸಾರ್" ಎನ್ನುತ್ತಾರೆ. ಪರೀಕ್ಷೆಗೆ ಮೊದಲೇ ಇಷ್ಟರಿಂದ ಬಹಳ ತಿಳಿಯುತ್ತದೆ. ಪ್ಲೇಟ್‌ಲೆಟ್ ದೋಷವಿದ್ದರೆ ರಕ್ತಸ್ರಾವ ಗಾಯವಾದ ಕೂಡಲೇ, ಚರ್ಮದಲ್ಲಿ, ಒಸಡು ಮೂಗುಗಳಲ್ಲಿ ಕಾಣುತ್ತದೆ. ಫ್ಯಾಕ್ಟರ್ ದೋಷವಿದ್ದರೆ ತಡವಾಗಿ, ಆಳದಲ್ಲಿ, ಕೀಲು ಮತ್ತು ಸ್ನಾಯುಗಳಲ್ಲಿ ಆಗುತ್ತದೆ. ಸೋದರಮಾವನಲ್ಲಿಯೂ ಇದೇ ತೊಂದರೆ ಇತ್ತೆಂಬುದು ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವ ಕುಸುಮ ರೋಗದತ್ತ, ಎಂದರೆ ಹಿಮೋಫಿಲಿಯಾದತ್ತ, ಬೆರಳು ತೋರಿಸುತ್ತದೆ.

ಪ್ಲೇಟ್‌ಲೆಟ್ 2.8 ಲಕ್ಷ, ಪಿಟಿ 12 ಸೆಕೆಂಡು, ಎಪಿಟಿಟಿ 72 ಸೆಕೆಂಡು ಎಂದು ವರದಿ ಬಂತು. ಮುಂದಿನ ಪ್ರಶ್ನೆ: ಯಾವುದೋ ಫ್ಯಾಕ್ಟರ್ ಕಡಿಮೆಯಿದೆಯೇ, ಅಥವಾ ಫ್ಯಾಕ್ಟರ್ ಇದ್ದರೂ ಅದನ್ನು ತಡೆಯುವ ಪ್ರತಿಕಾಯವಿದೆಯೇ? ಇದಕ್ಕೆ ಹುಡುಗನ ಪ್ಲಾಸ್ಮಾವನ್ನು ಆರೋಗ್ಯವಂತರ ಪ್ಲಾಸ್ಮಾದೊಂದಿಗೆ ಸಮಪಾಲು ಬೆರೆಸಿ ಮತ್ತೆ ಎಪಿಟಿಟಿ ನೋಡುತ್ತಾರೆ. ಅರ್ಧದಷ್ಟು ಫ್ಯಾಕ್ಟರ್ ಸಿಕ್ಕರೂ ಸರಣಿ ಸರಾಗವಾಗಿ ಓಡುವುದರಿಂದ, ಕೊರತೆಯಿದ್ದರೆ ಸಮಯ ಸಹಜಕ್ಕೆ ಮರಳುತ್ತದೆ. ಪ್ರತಿಕಾಯವಿದ್ದರೆ ಬೆರೆಸಿದ ಫ್ಯಾಕ್ಟರನ್ನೂ ಅದು ನುಂಗುವುದರಿಂದ ಮರಳುವುದಿಲ್ಲ. ಫ್ಯಾಕ್ಟರ್ 8ರ ವಿರುದ್ಧದ ಪ್ರತಿಕಾಯ ನಿಧಾನವಾಗಿ ಕೆಲಸ ಮಾಡುವುದರಿಂದ, ಮಿಶ್ರಣವನ್ನು 37 ಡಿಗ್ರಿ ಶಾಖದಲ್ಲಿ ಒಂದೆರಡು ಗಂಟೆ ಇಟ್ಟು ಮತ್ತೊಮ್ಮೆ ನೋಡದಿದ್ದರೆ ಮೋಸಹೋಗುವ ಸಂಭವವಿದೆ. ಈ ಹುಡುಗನಲ್ಲಿ ಕೂಡಲೇ 32, ಎರಡು ಗಂಟೆಯ ಬಳಿಕ 33 ಸೆಕೆಂಡು. ಹಾಗಾದರೆ ಇದು ಕೊರತೆಯೇ.

ಯಾವುದರ ಕೊರತೆ ಎಂಬುದನ್ನು ಎಪಿಟಿಟಿ ಹೇಳಲಾರದು. 12, 11, 9, 8 ಇವುಗಳಲ್ಲಿ ಯಾವುದು ತೀರ ಕಡಿಮೆಯಾದರೂ ಅದು ಹೆಚ್ಚುತ್ತದೆ. ಅದರಲ್ಲೂ ಫ್ಯಾಕ್ಟರ್ 12ರ ಕೊರತೆಯಿದ್ದರೆ ಎಪಿಟಿಟಿ ವಿಪರೀತ ಏರಿದರೂ ರಕ್ತಸ್ರಾವವೇ ಆಗುವುದಿಲ್ಲ. ಈ ಕೊರತೆ ಮೊದಲು ಪತ್ತೆಯಾದ ಹೇಜ್‌ಮನ್ ಎಂಬ ಅಮೆರಿಕದ ರೈಲ್ವೆ ನೌಕರ 1968ರಲ್ಲಿ ತೀರಿಕೊಂಡದ್ದು ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು! ಗಾಜಿನ ನಳಿಕೆಯ ಸರಣಿ ಮತ್ತು ದೇಹದೊಳಗಿನ ಸರಣಿ ಒಂದೇ ಅಲ್ಲ. ದೇಹದಲ್ಲಿ ಟಿಶ್ಯೂ ಫ್ಯಾಕ್ಟರಿನಿಂದಲೇ ಆರಂಭವಾಗುತ್ತದೆ, ಆದರೆ ಆ ಚಿಕ್ಕ ದಾರಿಯನ್ನು ದೇಹವೇ ಬೇಗ ಮುಚ್ಚಿಬಿಡುತ್ತದೆ. ಅಷ್ಟರಲ್ಲಿ ಹುಟ್ಟಿದ ತುಸು ಥ್ರಾಂಬಿನ್ 8 ಮತ್ತು 9ರ ಜೋಡಿಯನ್ನು ಕೆಲಸಕ್ಕೆ ಹಚ್ಚದಿದ್ದರೆ ಗಟ್ಟಿಯಾದ ಹೆಪ್ಪು ಕಟ್ಟುವುದಿಲ್ಲ. ಪಿಟಿ ಪರೀಕ್ಷೆಯಲ್ಲಿ ಟಿಶ್ಯೂ ಫ್ಯಾಕ್ಟರನ್ನು ಧಾರಾಳವಾಗಿ ಸುರಿಯುವುದರಿಂದಲೇ ಕುಸುಮ ರೋಗಿಯಲ್ಲಿ ಅದು ಸಹಜವಾಗಿ ಬರುತ್ತದೆ.

ಕೊನೆಗೆ ಫ್ಯಾಕ್ಟರುಗಳನ್ನೇ ಅಳೆದಾಗ ಹುಡುಗನ ಫ್ಯಾಕ್ಟರ್ 8 ಸಹಜ ಮಟ್ಟದ ಶೇ. 90 ಇತ್ತು, ಫ್ಯಾಕ್ಟರ್ 9 ಶೇ. 2 ಮಾತ್ರ. ಇದು ಹೆಚ್ಚು ಕಂಡುಬರುವ ಎ ಬಗೆಯಲ್ಲ, ಬಿ ಬಗೆಯ ಕುಸುಮ ರೋಗ, ಶೇ. 1ರಿಂದ 5ರ ನಡುವೆ ಇರುವುದರಿಂದ ಮಧ್ಯಮ ತೀವ್ರತೆಯದು. ಈ ವ್ಯತ್ಯಾಸ ಬರಿಯ ಹೆಸರಿನದಲ್ಲ. ಫ್ಯಾಕ್ಟರ್ ಔಷಧ ಸಿಗದಿದ್ದಾಗ ರಕ್ತನಿಧಿಯಿಂದ ತರಿಸುವ ಕ್ರಯೋಪ್ರೆಸಿಪಿಟೇಟಿನಲ್ಲಿ ಫ್ಯಾಕ್ಟರ್ 8 ಸಾಂದ್ರವಾಗಿರುತ್ತದೆ, ಆದರೆ 9ಕ್ಕೆ ಅದನ್ನು ನಂಬುವಂತಿಲ್ಲ. ಈ ಹುಡುಗನಿಗೆ ಎಷ್ಟು ಚೀಲ ಕೊಟ್ಟರೂ ಮೊಣಕಾಲಿನ ರಕ್ತ ನಿಲ್ಲದು. ಶೈತ್ಯೀಕರಿಸಿದ ಪ್ಲಾಸ್ಮಾದಲ್ಲಿ 9 ಇರುತ್ತದೆ, ಫ್ಯಾಕ್ಟರ್ 9ರ ಔಷಧ ಸಿಕ್ಕರೆ ಅದೇ ಲೇಸು. ಕುಸುಮ ರೋಗದ ಅನುಮಾನವಿದ್ದಾಗಲೇ ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಬಾರದು, ಸ್ನಾಯುವಿನೊಳಗೆ ರಕ್ತ ತುಂಬಿಕೊಳ್ಳುತ್ತದೆ.

ಈ ಲೆಕ್ಕವೆಲ್ಲ ನೀಲಿ ಮುಚ್ಚಳದ ನಳಿಕೆಯಲ್ಲಿ ರಕ್ತ ಗೆರೆಯವರೆಗೆ ತುಂಬಿದ್ದರೆ ಮಾತ್ರ ಸರಿ. ಒಂಬತ್ತು ಪಾಲು ರಕ್ತಕ್ಕೆ, ನಳಿಕೆಯಲ್ಲಿ ಅದು ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಒಂದು ಪಾಲು ಇರಬೇಕು. ಮಗು ಅತ್ತಿತೆಂದು ಅರ್ಧ ನಳಿಕೆ ತುಂಬಿ ಕಳಿಸಿದರೆ ಸಿಟ್ರೇಟ್ ಹೆಚ್ಚಾಗಿ, ಇಲ್ಲದ ರೋಗ ವರದಿಯಲ್ಲಿ ಕಾಣುತ್ತದೆ. ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಫ್ಯಾಕ್ಟರ್ ಮಟ್ಟ ಶೇ. 30-40ರ ಆಸುಪಾಸಿಗೆ ಇಳಿಯುವವರೆಗೆ ಎಪಿಟಿಟಿ ಏರದಿರಬಹುದಾದ್ದರಿಂದ ಸೌಮ್ಯ ಕೊರತೆ ತಪ್ಪಿಸಿಕೊಳ್ಳುತ್ತದೆ. ಫ್ಯಾಕ್ಟರ್ 13ರ ಕೊರತೆಯಂತೂ ಎಷ್ಟೇ ತೀವ್ರವಾಗಿದ್ದರೂ ಎರಡೂ ಪರೀಕ್ಷೆಗಳ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಫೈಬ್ರಿನ್ ಎಳೆ ಕಟ್ಟಿದ ಕ್ಷಣಕ್ಕೆ ಗಡಿಯಾರ ನಿಲ್ಲುತ್ತದೆ, ಆ ಎಳೆಗಳನ್ನು ಒಂದಕ್ಕೊಂದು ಹೊಲಿಯುವ 13ರ ಕೆಲಸ ಆಮೇಲಿನದು. ಹುಟ್ಟಿದ ಕೂಸಿನ ಹೊಕ್ಕುಳಬಳ್ಳಿಯಿಂದ ಬಿಟ್ಟೂಬಿಡದೆ ರಕ್ತ ಜಿನುಗುತ್ತಿದ್ದು, ಪ್ಲೇಟ್‌ಲೆಟ್, ಪಿಟಿ, ಎಪಿಟಿಟಿ ಮೂರೂ ಸಹಜವೆಂದು ಬಂದಾಗ, ಕಟ್ಟಿದ ಹೆಪ್ಪನ್ನು ಯೂರಿಯಾ ದ್ರಾವಣದಲ್ಲಿ ಒಂದು ದಿನ ನೆನೆಹಾಕಿ ನೋಡುತ್ತಾರೆ. ಹೊಲಿಗೆಯಿಲ್ಲದ ಹೆಪ್ಪು ಅದರಲ್ಲಿ ಕರಗಿಹೋಗುತ್ತದೆ.