ಹಣ ಬಂದಿದೆ, ಬಿಲ್ ಮಾತ್ರ ಬಾಕಿ

"ಆ ರಿಮೈಂಡರ್ ಒಂದು ಬಂದ್ ಮಾಡಿ ಮಾರಾಯ್ರೆ, ಗಿರಾಕಿಗಳು ಬೈತಾರೆ." ಬಾಕಿ ಕೇಳಿ ಸಾಫ್ಟ್‌ವೇರಿನಿಂದ ಹೋಗುವ ಮೆಸೇಜಿನ ಬಗ್ಗೆ ಮಂಗಳೂರು ಬಂದರಿನ ಸಗಟು ಅಂಗಡಿಗಳಲ್ಲಿ ನನಗೆ ಪದೇ ಪದೇ ಸಿಗುವ ಮಾತು ಇದು. ಬಂದ್ ಮಾಡುವುದು ಸುಲಭ. ಆದರೆ ಗಿರಾಕಿ ಸುಮ್ನೆ ಬೈಯುವುದಿಲ್ಲ. ಕೊಟ್ಟ ದುಡ್ಡನ್ನೇ ಮತ್ತೆ ಕೇಳಿದರೆ ಯಾರಾದರೂ ಬೈತಾರೆ, ಅಲ್ವಾ?

ಮಲ್ಪೆ ಬಂದರಿನ ಹತ್ತಿರ ಬೋಟಿನವರಿಗೆ ಸಾಮಾನು ಕೊಡುವ ಒಂದು ದಿನಸಿ ಅಂಗಡಿಯ ಲೆಕ್ಕ ನೋಡಿ. ಸಗಟು ವ್ಯಾಪಾರಿ ಕೊಟ್ಟ ಕ್ರೆಡಿಟ್ ಲಿಮಿಟ್ 2 ಲಕ್ಷ, ವಾಯಿದೆ 30 ದಿನ. ಬಿಲ್ ಮೂರು: ಜೂನ್ 4ಕ್ಕೆ 62,400 ರೂಪಾಯಿ, ಜೂನ್ 18ಕ್ಕೆ 48,750, ಜುಲೈ 2ಕ್ಕೆ 71,200. ಹಣ ವಸೂಲಿಗೆ ಲೈನಿಗೆ ಹೋಗುವ ಹುಡುಗ ಜೂನ್ ಕೊನೆಗೆ 50,000, ಜುಲೈ ನಡುವೆ ಇನ್ನೊಂದು 50,000 ತಂದ. ಆಫೀಸಿನಲ್ಲಿ ಎರಡನ್ನೂ ಗಿರಾಕಿಯ ಹೆಸರಿಗೆ ಜಮಾ ಮಾಡಿದರು. ಯಾವ ಬಿಲ್ಲಿಗೆ ಅಂತ ಬರೆಯಲಿಲ್ಲ.

ಜುಲೈ 20ಕ್ಕೆ ಅಂಗಡಿಯವರಿಗೆ ಮೆಸೇಜ್ ಹೋಯಿತು: ವಾಯಿದೆ ಮೀರಿದ ಬಾಕಿ 1,11,150. ಅದೇ ದಿನ ಅವರ ಖಾತೆಯ ಒಟ್ಟು ಬಾಕಿಯೇ 82,350! ಒಟ್ಟಿಗಿಂತ ವಾಯಿದೆ ಮೀರಿದ್ದು ಜಾಸ್ತಿ ಕಂಡರೆ ಅದು ಜಮಾ ಆದದ್ದು ಬಿಲ್ಲಿಗೆ ಸೇರದ ರೋಗದ ಖಚಿತ ಗುರುತು. ಬೇರೇನೂ ಹುಡುಕಬೇಕಿಲ್ಲ.

ಸಗಟು ಅಂಗಡಿಯ ಧಣಿಗಳ ಸಿಟ್ಟು ಬೇರೆ. "ನಿಮ್ಮ ಸಾಫ್ಟ್‌ವೇರಿಗೆ ತಲೆ ಸರಿ ಇಲ್ವಾ? ಬಿಲ್ ಹಾಕುವಾಗ ಲಿಮಿಟ್ ಉಂಟು ಅಂತದೆ, ರಿಮೈಂಡರಿನಲ್ಲಿ ಬಾಕಿ ಅಂತದೆ." ಅದು ಹೇಳುವುದು ಎರಡೂ ಸರಿಯೇ. ಲಿಮಿಟ್ ನೋಡುವುದು ಖಾತೆಯ ಒಟ್ಟು ಬಾಕಿಯನ್ನು. ಹಣ ಹೇಗೆ ಜಮಾ ಆದರೂ ಒಟ್ಟು ಇಳಿಯುತ್ತದೆ. ರಿಮೈಂಡರ್ ನೋಡುವುದು ಒಂದೊಂದು ಬಿಲ್ಲನ್ನು: ವಾಯಿದೆ ದಾಟಿದೆಯಾ, ಅದರಲ್ಲಿ ಬಾಕಿ ಉಳಿದಿದೆಯಾ. ಬಿಲ್ಲಿಗೆ ಜೋಡಿಸದ ಹಣ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ಮರುವರ್ಷ ಅದೇ ಫೋನ್ ಬರುತ್ತದೆ. ಹಾಗಾಗಿ ಇನ್ನೊಮ್ಮೆ: ಹಣ ಜಮಾ ಆಗುವುದು ಒಂದು ಕೆಲಸ, ಬಿಲ್ ತೀರುವುದು ಇನ್ನೊಂದು ಕೆಲಸ. ಮೊದಲನೆಯದು ಆದರೆ ಎರಡನೆಯದು ತನ್ನಷ್ಟಕ್ಕೆ ಆಗುವುದಿಲ್ಲ.

ERPNext ಸಾಫ್ಟ್‌ವೇರ್ ಬಳಸುವವರು `Payment Entry` ತೆರೆದು `Unallocated Amount` ನೋಡಿ. ಅಲ್ಲಿ ಮೊತ್ತ ಉಳಿದಿದ್ದರೆ ಆ ಹಣ ಯಾವ ಬಿಲ್ಲಿಗೂ ಸೇರಿಲ್ಲ. ಹಳೆಯದನ್ನು `Payment Reconciliation` ಪುಟದಲ್ಲಿ ಬಿಲ್ಲಿಗೆ ಜೋಡಿಸಬಹುದು. ನಮ್ಮ ಮಲ್ಪೆಯ ಲೆಕ್ಕದಲ್ಲಿ ಹಳೆಯ ಬಿಲ್ ಮೊದಲು ಅಂತ ಜೋಡಿಸಿದರೆ 62,400 ಪೂರ್ತಿ ತೀರುತ್ತದೆ. ಉಳಿದ 37,600 ಎರಡನೇ ಬಿಲ್ಲಿಗೆ ಹೋಗುತ್ತದೆ. ವಾಯಿದೆ ಮೀರಿದ್ದು ಬರೇ 11,150, ಅದೂ 2 ದಿನ. ಮೂರನೇ ಬಿಲ್ಲಿಗೆ ಆಗಸ್ಟ್ 1ರವರೆಗೆ ಸಮಯ ಇದೆ.

ಆದರೆ ಕಣ್ಣು ಮುಚ್ಚಿ ಎಲ್ಲರಿಗೂ ಹೀಗೆ ಜೋಡಿಸಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 59ರಿಂದ 61ನೇ ಸೆಕ್ಷನ್ ಈ ಬಗ್ಗೆಯೇ ಇದೆ. ಹಣ ಕೊಡುವವನು ಇಂಥ ಬಾಕಿಗೆ ಅಂತ ಹೇಳಿ ಕೊಟ್ಟರೆ, ಅದನ್ನು ಒಪ್ಪಿ ತೆಗೆದುಕೊಂಡ ಮೇಲೆ ಅದಕ್ಕೇ ಹಾಕಬೇಕು. ಅವನು ಹೇಳದಿದ್ದರೆ ಪಡೆದವನ ಇಷ್ಟ. ಇಬ್ಬರೂ ಏನೂ ಮಾಡದಿದ್ದರೆ ಹಳೆಯದರಿಂದ ಶುರು. ತಕರಾರು ದೊಡ್ಡದಿದ್ದರೆ ವಕೀಲರನ್ನು ಕೇಳಿ, ನನ್ನನ್ನಲ್ಲ.

ಅಂಗಡಿಯವರು ಬೇಕೆಂದೇ ಒಂದು ಬಿಲ್ಲನ್ನು ತಡೆದಿರುವುದೂ ಉಂಟು. ಈ ಮಲ್ಪೆಯವರನ್ನೇ ಕೇಳಿದಾಗ ಹೊರಬಿತ್ತು: ಜೂನ್ 18ರ ಲೋಡಿನಲ್ಲಿ ಎಣ್ಣೆ ಟಿನ್ ಸೋರಿತ್ತು, 3,200 ರೂಪಾಯಿಯ ಕ್ರೆಡಿಟ್ ನೋಟ್ ಕೊಡ್ತೇವೆ ಅಂದವರು ಕೊಟ್ಟಿರಲಿಲ್ಲ. ಅದನ್ನು ಕಳೆದರೆ ನಿಜಕ್ಕೂ ಕೇಳಬೇಕಾದದ್ದು 7,950 ಮಾತ್ರ.

ಬೇಸರದ ಸಂಗತಿ ಏನೆಂದರೆ, ಅಷ್ಟರಲ್ಲಿ ಧಣಿಗಳು ಸಪ್ಲೈ ನಿಲ್ಲಿಸಿಯಾಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. "ಬೋಟು ದಡದಲ್ಲಿ ಉಂಟು, ಅವರ ಕೈಯಲ್ಲಿ ದುಡ್ಡೆಲ್ಲಿ?" ಅಂತ ಅವರೇ ಲೆಕ್ಕ ಹಾಕಿದ್ದರು. ಪಾಪ, ಬಾಕಿ ಲಿಸ್ಟಿನಲ್ಲಿ ಕಂಡದ್ದೂ ಹಾಗೇ ಇತ್ತು. ಆಗಸ್ಟಿನಲ್ಲಿ ಬೋಟು ಹೊರಡುವಾಗ ಅಕ್ಕಿ, ಎಣ್ಣೆ, ಈರುಳ್ಳಿ ಎಲ್ಲ ಆ ಅಂಗಡಿಗೆ ಬೇರೆ ಸಗಟು ವ್ಯಾಪಾರಿಯಿಂದ ಬಂತು.

ಈಗ ಆ ಸಗಟು ಅಂಗಡಿಯಲ್ಲಿ ಲೈನ್ ಹುಡುಗನ ರಸೀದಿ ಪುಸ್ತಕದಲ್ಲಿ ಬಿಲ್ ನಂಬರಿಗೆ ಜಾಗ ಮಾಡಿದ್ದೇವೆ. ಬೆಳಿಗ್ಗೆ ಹೊರಡುವಾಗ ಅವನ ಕೈಗೆ ಬಾಕಿ ಬಿಲ್ಲುಗಳ ಪಟ್ಟಿ ಕೊಡುತ್ತಾರೆ. ಸಂಜೆ ಆ ದಿನದ ಹಣ ಬಿಲ್ಲಿಗೆ ಜೋಡಣೆಯಾದ ಮೇಲೆಯೇ ರಿಮೈಂಡರ್ ಹೋಗುತ್ತದೆ. ಮುಂಗಡ ಕೊಟ್ಟವರ ಹಣ ಮಾತ್ರ ಜೋಡಿಸದೆ ಉಳಿಯಬಹುದು, ಅದು ತಪ್ಪಲ್ಲ. ಉಳಿದವರದ್ದು ಉಳಿದಿದ್ದರೆ ಹುಡುಗನಿಗೆ ಅವತ್ತೇ ಫೋನ್ ಮಾಡಿ ಕೇಳಬೇಕು. ವಾರ ಕಳೆದರೆ ಅವನಿಗೂ ನೆನಪಿರುವುದಿಲ್ಲ.