ಪಿಎಫ್ ತೆಗೆದು ಸಾಲ ತೀರಿಸಬಹುದೇ?

ಪ್ರಶ್ನೆ: ಕಾರವಾರದ ಖಾಸಗಿ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತೇನೆ, ವಯಸ್ಸು 38. ಶೇ. 14ರ ಬಡ್ಡಿಯಲ್ಲಿ 2 ಲಕ್ಷ ರೂಪಾಯಿ ವೈಯಕ್ತಿಕ ಸಾಲವಿದೆ. ಪಿಎಫ್‌ನಿಂದ ಬಡ್ಡಿಯಿಲ್ಲದ ಸಾಲ ತೆಗೆದು ಇದನ್ನು ತೀರಿಸಲೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಆದರೂ ‘ಬಡ್ಡಿಯಿಲ್ಲದ ಸಾಲ’ ಎಂಬ ಮಾತು ಹಾಗೆಯೇ ಉಳಿದಿರುವುದರಿಂದ ಮತ್ತೊಮ್ಮೆ ಹೇಳುತ್ತೇನೆ: ನೌಕರರ ಭವಿಷ್ಯ ನಿಧಿಯಿಂದ, ಅಂದರೆ ಇಪಿಎಫ್‌ನಿಂದ ಸಿಗುವುದು ಸಾಲವಲ್ಲ. ಅದನ್ನು ‘ಮುಂಗಡ’ ಎಂದು ಕರೆದರೂ ಅದು ಮರುಪಾವತಿ ಇಲ್ಲದ ಮುಂಗಡ. ಕಂತು ಕಟ್ಟಿ ತುಂಬುವ ವ್ಯವಸ್ಥೆಯೇ ಅಲ್ಲಿಲ್ಲ. ಈ ತಪ್ಪು ಕಲ್ಪನೆ ಬಂದಿರುವುದು ನಮ್ಮ ಮನೆಗಳಲ್ಲಿರುವ ಹಳೆಯ ಸರ್ಕಾರಿ ನೌಕರರಿಂದ. 2006ರ ಏಪ್ರಿಲ್‌ಗೆ ಮೊದಲು ಸೇರಿದ ಶಿಕ್ಷಕರು, ಗುಮಾಸ್ತರು ಸರ್ಕಾರಿ ನೌಕರರ ಭವಿಷ್ಯ ನಿಧಿಯಾದ ಜಿಪಿಎಫ್‌ನಿಂದ ಮುಂಗಡ ಪಡೆದು ಸಂಬಳದಲ್ಲಿ ಕಂತಾಗಿ ಹಿಂದಿರುಗಿಸುತ್ತಿದ್ದುದನ್ನು ನೋಡಿದವರು ಇಪಿಎಫ್ ಕೂಡ ಹಾಗೆಯೇ ಎಂದುಕೊಂಡಿದ್ದಾರೆ.

ಇನ್ನು ಬಡ್ಡಿಯ ವಿಷಯ. 2024-25ಕ್ಕೆ ಇಪಿಎಫ್ ಬಡ್ಡಿ ಶೇ. 8.25. ಅದೇ ದರ ಉಳಿದರೆ ಇಂದು ತೆಗೆಯುವ 2 ಲಕ್ಷ, ನಿಮಗೆ 58 ತುಂಬುವಾಗ ಸುಮಾರು 9.76 ಲಕ್ಷವಾಗಿರುತ್ತಿತ್ತು. ಪಾಸ್‌ಬುಕ್ಕಿನಲ್ಲಿ ಕಾಣುವುದು ಹಿಂಪಡೆದ 2 ಲಕ್ಷ ಮಾತ್ರ. ಬಾರದೆ ಹೋದ ಬಡ್ಡಿಯನ್ನು ಯಾವ ಸಾಲೂ ತೋರಿಸುವುದಿಲ್ಲ.

ಹಾಗೆಂದು ಶೇ. 14ರ ಸಾಲವನ್ನು ಇಟ್ಟುಕೊಳ್ಳುವುದೇ ಲಾಭ ಎಂದು ನಾನು ಹೇಳುವುದಿಲ್ಲ. ಮೂರು ವರ್ಷದ ಅವಧಿಗೆ ನಿಮ್ಮ ಕಂತು ತಿಂಗಳಿಗೆ ಸುಮಾರು 6,835 ರೂಪಾಯಿ. ಸಾಲ ತೀರಿಸಿದ ಮರುತಿಂಗಳಿನಿಂದಲೇ ಅಷ್ಟೂ ಹಣವನ್ನು ಸ್ವಯಂಪ್ರೇರಿತ ವಂತಿಗೆಯಾಗಿ, ಅಂದರೆ ವಿಪಿಎಫ್ ಆಗಿ ಕಡಿತ ಮಾಡುವಂತೆ ಸಂಬಳ ವಿಭಾಗಕ್ಕೆ ಬರೆದುಕೊಟ್ಟರೆ, ಮೂರು ವರ್ಷಕ್ಕೆ ಅದು ಸುಮಾರು 2.77 ಲಕ್ಷವಾಗುತ್ತದೆ, ಮುಟ್ಟದೆ ಬಿಟ್ಟ 2 ಲಕ್ಷ ಆ ಹೊತ್ತಿಗೆ 2.54 ಲಕ್ಷವಾಗಿರುತ್ತದೆ. ಲೆಕ್ಕ ನಿಮ್ಮ ಪರವಾಗಿಯೇ ಇದೆ, ಆದರೆ ಆ ಕಡಿತ ನಡೆದರೆ ಮಾತ್ರ. ನನ್ನ ಬಳಿ ಅರ್ಜಿ ತುಂಬಿಸಿಕೊಳ್ಳಲು ಬಂದವರಲ್ಲಿ ಹೆಚ್ಚಿನವರು ಉಳಿದ ಕಂತಿನ ಹಣದಲ್ಲಿ ಇನ್ನೊಂದು ಸಾಲ ಮಾಡಿದ್ದಾರೆ. ಆದ್ದರಿಂದ ವಿಪಿಎಫ್ ಪತ್ರ ಕೊಡಲು ಆಗದಿದ್ದರೆ ಪಿಎಫ್ ಮುಟ್ಟಬೇಡಿ ಎಂಬುದೇ ನನ್ನ ಉತ್ತರ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಬೇಕು. ಸಾಲಗಾರರು ಕೋರ್ಟಿಗೆ ಹೋದರೆ ಪಿಎಫ್ ಹಣವೂ ಜಪ್ತಿಯಾಗುತ್ತದೆ ಎಂಬ ಹೆದರಿಕೆಯಿಂದಲೇ ಶಿರಸಿ, ಕುಮಟಾ ಕಡೆಯ ಕೆಲವರು ಮೊದಲೇ ಅದನ್ನು ತೆಗೆಯಲು ಓಡಾಡುತ್ತಾರೆ. ಇದು ತಲೆಕೆಳಗಾದ ಯೋಚನೆ. ಸದಸ್ಯನ ಖಾತೆಯಲ್ಲಿರುವ ಭವಿಷ್ಯ ನಿಧಿಯನ್ನು ಅವನ ಸಾಲಕ್ಕಾಗಿ ಜಪ್ತಿ ಮಾಡುವಂತಿಲ್ಲ ಎಂಬ ರಕ್ಷಣೆ 1952ರ ಕಾಯ್ದೆಯ 10ನೇ ಕಲಮಿನಿಂದಲೇ ಬಂದಿದೆ. ಆ ಹಣವನ್ನು ತೆಗೆದು ಉಳಿತಾಯ ಖಾತೆಗೆ ಹಾಕಿಕೊಂಡವರು ಆ ಭದ್ರ ಜಾಗದಿಂದ ತಾವಾಗಿಯೇ ಹೊರಗೆ ತಂದಂತಾಗುತ್ತದೆ.